ಮಾವಿನಮರದ ಪಾಸ್‌ಬುಕ್ಕು

ಮಕ್ಕಳೇ, ಮೊನ್ನೆ ನಿಮ್ಮಲ್ಲೊಬ್ಬರು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಪಾಸ್‌ಬುಕ್ಕೊಂದನ್ನು ಕಂಡು, ಮೊದಲ ಪುಟದಲ್ಲಿ ಊರಿನ ಹೆಸರಿನ ಮೇಲೆ ಕೆಂಪು ಗೆರೆ ಎಳೆದದ್ದು ಯಾಕೆ ಎಂದು ಕೇಳಿದಿರಿ. ನಾನು ಏನೋ ಹೇಳಿ ಒಳಗೆ ಹೋದೆ. ಬಾಯಲ್ಲಿ ಹೇಳಲು ಹೋದರೆ ನನಗೆ ಅರ್ಧಕ್ಕೇ ಮಾತು ನಿಲ್ಲುತ್ತದೆ. ಬರೆಯುವುದು ಸುಲಭ. ನಾಲ್ಕನೇ ತರಗತಿಯವರೆಗೆ ಕಲಿತ ಅಕ್ಷರ ಇದು, ಕಾಗುಣಿತ ತಪ್ಪಿದ್ದರೆ ತಿದ್ದಿಕೊಳ್ಳಿ.

ಅಣೆಕಟ್ಟಿನ ನೀರು ಬರುವುದಕ್ಕೆ ಮೊದಲು ನಾವು ಸಾಗರದ ಆಚೆ, ಹೊಳೆಯ ದಂಡೆಯ ಊರಿನಲ್ಲಿದ್ದೆವು. ಗೇಣಿ ಮಾಡುತ್ತಿದ್ದವರು. ಗದ್ದೆ ನಮ್ಮದಲ್ಲ, ಆದರೆ ಹಿತ್ತಲಿನ ಮಾವಿನಮರ ನಮ್ಮದು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆ ಅದನ್ನು ನನ್ನ ಸುಪರ್ದಿಗೆ ಬಿಟ್ಟಿದ್ದರು. ಜೀರಿಗೆಯ ವಾಸನೆ ಬರುವ ಮಿಡಿ ಬಿಡುವ ಮರ. ಸುತ್ತಲಿನ ಹತ್ತು ಊರಿನವರು ಉಪ್ಪಿನಕಾಯಿಗೆ ನಮ್ಮ ಮಿಡಿಯನ್ನೇ ಕೇಳುತ್ತಿದ್ದರು. ಸರ್ಕಾರದವರು ಬಂದು ಮುಳುಗುವ ಮನೆ, ಕೊಟ್ಟಿಗೆ, ಮರಗಳನ್ನು ಎಣಿಸಿ ಪರಿಹಾರ ಕೊಟ್ಟಾಗ ನಿಮ್ಮ ಅಜ್ಜ ಮರದ ಪಾಲನ್ನು ಬೇರೆ ತೆಗೆದರು. ‘ಮರ ನಿನ್ನದು, ದುಡ್ಡೂ ನಿನ್ನದು’ ಎಂದು ನನ್ನನ್ನು ಸಾಗರಕ್ಕೆ ಕರೆದುಕೊಂಡು ಹೋಗಿ, ಅವರ ಖಾತೆಯಿದ್ದ ಬ್ಯಾಂಕಿನಲ್ಲೇ ನನ್ನ ಹೆಸರಿಗೆ ಒಂದು ಉಳಿತಾಯ ಖಾತೆ ತೆರೆಸಿದರು. ನನ್ನನ್ನು ಪರಿಚಯಿಸಿ ಸಹಿ ಹಾಕಿದವರೂ ಅವರೇ. ನಾನು ಬಗ್ಗಿಸಿದ ತಲೆ ಎತ್ತದೆ ಒಂದು ಚೀಟಿಯ ಮೇಲೆ ಮೂರು ಸಲ ಹೆಸರು ಬರೆದು ಬಂದಿದ್ದೆ.

ಆಮೇಲೆ ನೀರು ಬಂತು. ನಾವು ರಿಪ್ಪನ್‌ಪೇಟೆಯ ಹತ್ತಿರದ ಈಗಿನ ಊರಿಗೆ ಬಂದೆವು. ಬಂದ ಎರಡನೇ ವರ್ಷ ನಿಮ್ಮ ಅಜ್ಜ ಹೋದರು. ನಾನು ಆ ಖಾತೆಯ ಕಡೆ ತಿರುಗಿ ನೋಡಿರಲಿಲ್ಲ. ಆ ದುಡ್ಡಿಗೆ ಕೈ ಹಾಕಿದರೆ ಮರವನ್ನು ಇನ್ನೊಮ್ಮೆ ಕಡಿದ ಹಾಗೆ ಎಂದು ಅನ್ನಿಸುತ್ತಿತ್ತು. ಏಳು ವರ್ಷ ಪಾಸ್‌ಬುಕ್ಕು ಸೀರೆಯ ಮಡಿಕೆಯಲ್ಲಿ ಹಾಗೇ ಇತ್ತು.

ಅಷ್ಟರಲ್ಲಿ ನಾನು ಉಪ್ಪಿನಕಾಯಿ ಹಾಕಿ ಮಾರಲು ಹಿಡಿದಿದ್ದೆ. ಅವರಿವರ ಮರದ ಒಂದೊಂದು ಬುಟ್ಟಿ ಮಿಡಿ ಕೊಂಡು, ಎರಡು ಮೂರು ಭರಣಿ ಮಾಡಿ, ರಿಪ್ಪನ್‌ಪೇಟೆಯ ಒಬ್ಬ ಜೈನ ಸಾಹುಕಾರರ ಅಂಗಡಿಗೆ ಕೊಡುತ್ತಿದ್ದೆ. ಆ ವರ್ಷ ಶಿವರಾತ್ರಿಯ ಹೊತ್ತಿಗೆ ಒಂದು ಸುದ್ದಿ ಬಂತು. ಹೊಸನಗರದ ದಾರಿಯಲ್ಲಿ ಹಳ್ಳದ ಪಕ್ಕ ಒಂದು ದೊಡ್ಡ ಜೀರಿಗೆ ಮಿಡಿಯ ಮರ, ಆ ವರ್ಷ ಎಲೆ ಕಾಣದಷ್ಟು ಕಾಯಿ ಬಿಟ್ಟಿದೆ, ಅದರ ಯಜಮಾನರು ಇಡೀ ಮರವನ್ನೇ ಗುತ್ತಿಗೆ ಕೊಡುತ್ತಾರಂತೆ. ನಾನೂ ಅತ್ತೆಯೂ ಹೋಗಿ ನೋಡಿದೆವು. ಅತ್ತೆ ಒಂದು ಮಿಡಿಯ ತೊಟ್ಟು ಮುರಿದು ಸೊನೆ ಮೂಸಿ, ನನ್ನ ಕಡೆ ನೋಡಿ ಕಣ್ಣು ಸಣ್ಣ ಮಾಡಿದರು. ಒಳ್ಳೆಯ ಮಾಲು ಎಂದು ಅರ್ಥ.

ಯಜಮಾನರು ಹೇಳಿದರು: ‘ಸಾಗರದ ಒಬ್ರು ವ್ಯಾಪಾರಿ ಕೇಳ್ತಿದಾರೆ. ನೀವು ಮೊದ್ಲು ಬಂದ್ರಿ, ಅದಕ್ಕೆ ಶನಿವಾರದವರೆಗೆ ನೋಡ್ತೀನಿ. ದುಡ್ಡು ಕೈಗೆ ಬರ್ಬೇಕು. ಆಮೇಲೆ ಗೊರಟು ಬಲಿತ್ರೆ ಇಬ್ರಿಗೂ ನಷ್ಟ.’

ಆ ಮರ ಸಿಕ್ಕರೆ ಮೂರು ಭರಣಿಯ ಜಾಗದಲ್ಲಿ ಮೂವತ್ತು ಭರಣಿ. ವರ್ಷವಿಡೀ ಮನೆ ನಡೆಯುತ್ತಿತ್ತು, ನನ್ನ ಇಬ್ಬರು ಮಕ್ಕಳೂ ಶಾಲೆಯಲ್ಲಿ ಉಳಿಯುತ್ತಿದ್ದರು. ಬಿಟ್ಟರೆ ಇನ್ನೊಂದು ಬೇಸಿಗೆ ಕಾಯಬೇಕು. ಆ ರಾತ್ರಿಯೇ ಪಾಸ್‌ಬುಕ್ಕನ್ನು ಹೊರಗೆ ತೆಗೆದೆ. ಅತ್ತೆ ಹೇಳಿದ್ದು ಇಷ್ಟೇ: ‘ಮರದ ದುಡ್ಡು ಮರಕ್ಕೇ ಹೋಗ್ಲಿ ಬಿಡು.’

ಬ್ಯಾಂಕಿನಲ್ಲಿ ಏನೇನು ಕೇಳುತ್ತಾರೋ ಗೊತ್ತಿರಲಿಲ್ಲ. ಮನೆಯಲ್ಲಿದ್ದ ಕಾಗದವನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿಕೊಂಡೆ: ಪರಿಹಾರದ ಕಾಗದ, ನಿಮ್ಮ ಅಜ್ಜನ ಮರಣದ ದಾಖಲೆ, ರೇಷನ್ ಕಾರ್ಡು, ಮಕ್ಕಳಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ ಚೀಟಿ ಕೂಡ. ಒಂದು ಅರ್ಜಿಯನ್ನೂ ನಾನೇ ದುಂಡಗೆ ಬರೆದಿಟ್ಟುಕೊಂಡೆ. ಸೋಮವಾರ ಬೆಳಗಿನ ಬಸ್ಸಿಗೆ ಆನಂದಪುರದ ಮೇಲೆ ಸಾಗರಕ್ಕೆ ಹೊರಟೆವು. ನಾನು ಮಾತಾಡುವವಳಲ್ಲ, ಅತ್ತೆ ಸುಮ್ಮನಿರುವವರಲ್ಲ. ಹಾಗಾಗಿ ಜೊತೆ ಸರಿಯಾಗಿತ್ತು.

ಕೌಂಟರಿನಲ್ಲಿದ್ದ ಗುಮಾಸ್ತರು ಇನ್ನೂ ಚಿಕ್ಕ ವಯಸ್ಸಿನವರು. ಅತ್ತೆ ಗಂಟನ್ನೇ ಅವರ ಮುಂದೆ ಬಿಚ್ಚಿಟ್ಟರು.

‘ಎಂತ ಅಜ್ಜಿ, ಮನೆಯನ್ನೇ ತಂದ್ರಾ?’

‘ಮನೆ ನೀರಲ್ಲಿದೆ ಮಗಾ, ಉಳಿದಿದ್ದು ಇಷ್ಟೇ. ನಮ್ಮ ಸೊಸೆ ದುಡ್ಡು ಕೊಡು, ಬಸ್ಸಿಗೆ ಹೊತ್ತಾಗ್ತದೆ.’

ಅವರು ನಕ್ಕು ಮರಣದ ದಾಖಲೆಯನ್ನು ಮೊದಲು ಕೈಗೆತ್ತಿಕೊಂಡರು. ‘ಯಜಮಾನರ ಖಾತೆಯಾ? ಹಾಗಾದ್ರೆ ವಾರಸುದಾರರ ಕಾಗದ ಬೇಕಾಗ್ತದೆ.’ ಆಮೇಲೆ ಪಾಸ್‌ಬುಕ್ಕು ತೆರೆದು ನೋಡಿ ಮರಣದ ದಾಖಲೆಯನ್ನು ವಾಪಸು ಇಟ್ಟರು. ‘ಅಲ್ಲ, ಇದು ಈ ಅಮ್ಮನದೇ ಖಾತೆ. ಒಬ್ಬರದೇ ಹೆಸರು. ಹಾಗಾದ್ರೆ ಅದು ಬೇಡ. ಪರಿಹಾರದ ಕಾಗದವೂ ಬೇಡ. ಇದೆಂತದು, ಚುಚ್ಚುಮದ್ದಿನ ಚೀಟಿ? ಇದಂತೂ ಬೇಡ.’

ಒಂದೊಂದಾಗಿ ತಿರುಗಿ ಗಂಟಿಗೆ ಹೋಯಿತು. ಪಾಸ್‌ಬುಕ್ಕು, ಅರ್ಜಿ, ರೇಷನ್ ಕಾರ್ಡು ಮೂರೇ ಮೇಜಿನ ಮೇಲೆ ಉಳಿದವು. ಅವರು ಒಂದು ದಪ್ಪ ಲೆಡ್ಜರ್ ತೆಗೆದು ಹುಡುಕಿದರು. ಸಿಗಲಿಲ್ಲ. ಆಮೇಲೆ ಗೋಡೆಯ ಬೀರುವಿನಿಂದ ಇನ್ನೊಂದು ಲೆಡ್ಜರ್ ತಂದರು. ಧೂಳು ಒರೆಸಿ, ಬೆರಳಿಟ್ಟು ತೋರಿಸಿದರು.

‘ಇಲ್ಲಿದೆ ನೋಡಿ. ಹೆದರ್ಬೇಡಿ, ದುಡ್ಡು ಎಲ್ಲೂ ಹೋಗಿಲ್ಲ. ಏಳು ವರ್ಷ ಇದರಲ್ಲಿ ಹಾಕಿದ್ದೂ ಇಲ್ಲ, ತೆಗೆದಿದ್ದೂ ಇಲ್ಲ. ಇಂಥ ಖಾತೆಗಳನ್ನ ಬೇರೆ ಲೆಡ್ಜರಿಗೆ ತೆಗೆದಿಡ್ತೀವಿ. ಯಾರೋ ಪಾಸ್‌ಬುಕ್ಕು ಕದ್ಕೊಂಡು ಬಂದು ದುಡ್ಡು ತಗೊಂಡು ಹೋಗ್ಬಾರದಲ್ಲ? ಖಾತೆದಾರರು ಇವರೇ ಅಂತ ಖಾತ್ರಿ ಆದ್ಮೇಲೆ ಮತ್ತೆ ಚಾಲ್ತಿ ಮಾಡ್ತೀವಿ.’

‘ಇವಳೇ ಅಂತ ನಾನು ಹೇಳ್ತಿದೀನಲ್ಲ’ ಎಂದರು ಅತ್ತೆ.

‘ಅಜ್ಜಿ, ನಿಮ್ಮದು ಇಲ್ಲಿ ಖಾತೆ ಇದೆಯಾ?’

‘ನನ್ನ ಖಾತೆ ಸೊಂಟದಲ್ಲಿದೆ’ ಎಂದು ಎಲೆಯಡಿಕೆಯ ಸಂಚಿ ತಟ್ಟಿದರು.

‘ಹಾಗಾದ್ರೆ ಆಗಲ್ಲ. ಈ ಬ್ರ್ಯಾಂಚಿನಲ್ಲಿ ನಡೀತಿರೋ ಖಾತೆ ಇರೋರು ಒಬ್ರು ಬಂದು, ಇವರು ನನಗೆ ಗೊತ್ತು ಅಂತ ಸಹಿ ಹಾಕ್ಬೇಕು. ಮೊದಲು ಹಾಕಿದ್ದು ನಿಮ್ಮ ಯಜಮಾನರು, ಅವರಿಲ್ಲ. ಹೊಸ ಸಹಿ ಚೀಟಿ ಬೇಕು, ಅದಕ್ಕೆ ಇವರೇ ಇಲ್ಲಿ ಕೂತು ಸಹಿ ಹಾಕ್ಬೇಕು. ವಿಳಾಸಕ್ಕೆ ರೇಷನ್ ಕಾರ್ಡು ಆಗ್ತದೆ. ಅರ್ಜಿ...’ ಎಂದು ನನ್ನ ಅರ್ಜಿ ಓದಿದರು. ಓದಿ ತುಟಿ ಕಚ್ಚಿಕೊಂಡರು. ‘ಅಮ್ಮ, ಎಂತ ಇದು, ಹಳೇ ಊರಿನ ವಿಳಾಸ ಬರೆದಿದೀರಿ?’

ನಿಜ. ಅರ್ಜಿಯ ತಲೆಯ ಮೇಲೆ ನಾನು ಮುಳುಗಿದ ಊರಿನ ಹೆಸರನ್ನೇ ಬರೆದಿದ್ದೆ. ನಿಮಗೆ ಇದು ವಿಚಿತ್ರ ಎನ್ನಿಸಬಹುದು. ನಮ್ಮ ಕಡೆಯಿಂದ ಎದ್ದು ಬಂದವರೆಲ್ಲ ಹಾಗೇ ಮಾಡುತ್ತಿದ್ದರು. ಯಾವ ಊರು ಎಂದರೆ ಹಳೆಯ ಊರು. ಮದುವೆ ಕಾಗದದಲ್ಲೂ ಹಳೆಯ ಊರು. ಪೋಸ್ಟ್‌ಮ್ಯಾನ್ ಕೂಡ ಹಳೆಯ ಹೆಸರಿನಿಂದಲೇ ನಮ್ಮನ್ನು ಗುರುತಿಸುತ್ತಿದ್ದ. ನಾನು ತಪ್ಪು ಬರೆದೆ ಎಂದು ಆ ಗುಮಾಸ್ತರು ಹೇಳುವ ತನಕ ನನಗೆ ಹೊಳೆದೇ ಇರಲಿಲ್ಲ.

‘ಬ್ಯಾಂಕಿನಿಂದ ನಾವು ಆ ವಿಳಾಸಕ್ಕೆ ಕಾಗದ ಹಾಕಿದ್ವಿ, ವಾಪಸು ಬಂದಿದೆ. ಇನ್ನು ಹಾಕೋದಾದ್ರೆ ದೋಣಿಯಲ್ಲಿ ಕಳಿಸ್ಬೇಕು. ಮೀನಿಗೆ ಓದೋಕೆ ಬರುತ್ತೋ ಇಲ್ಲವೋ.’

ಪಕ್ಕದ ಕೌಂಟರಿನವರು ನಕ್ಕರು. ಅತ್ತೆ ನಗಲಿಲ್ಲ. ‘ಆ ನೀರಿನಿಂದಲೇ ನಿಮ್ಮ ಫ್ಯಾನು ತಿರುಗ್ತಿರೋದು ಮಗಾ’ ಎಂದರು. ಆ ಗುಮಾಸ್ತರು ಮೇಲೆ ನೋಡಿ, ಕೆಳಗೆ ನೋಡಿ, ‘ತಪ್ಪಾಯ್ತು ಅಜ್ಜಿ’ ಎಂದರು. ಒಳ್ಳೆಯವರೇ. ಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಸಾಗರದ ಬ್ಯಾಂಕಿನಲ್ಲಿ ಖಾತೆ ಇರುವ, ನನ್ನನ್ನು ಬಲ್ಲವರು ಯಾರು? ನಮ್ಮೂರಿನವರು ದಿಕ್ಕಿಗೊಬ್ಬರು ಚದುರಿದ್ದರು. ಕೊನೆಗೆ ನೆನಪಾದದ್ದು ರಿಪ್ಪನ್‌ಪೇಟೆಯ ಸಾಹುಕಾರರು. ಅವರು ಸಾಗರದ ಅಡಿಕೆ ಮಂಡಿಯಲ್ಲಿ ವ್ಯವಹಾರ ಇಟ್ಟುಕೊಂಡವರು, ಖಾತೆ ಅದೇ ಬ್ಯಾಂಕಿನಲ್ಲಿ. ಆದರೆ ಎರಡು ವರ್ಷ ಅವರ ಅಂಗಡಿಗೆ ಉಪ್ಪಿನಕಾಯಿ ಕೊಟ್ಟಿದ್ದರೂ ನಾನು ಒಂದು ದಿನವೂ ಮುಂಬಾಗಿಲಿಗೆ ಹೋದವಳಲ್ಲ. ಹಿತ್ತಿಲ ಬಾಗಿಲಿನಲ್ಲಿ ಅವರ ಮನೆಯಾಕೆಯ ಹತ್ತಿರ ಭರಣಿ ಕೊಟ್ಟು, ಒಂದಿಷ್ಟು ಹೊತ್ತು ಕೂತು ಮಾತಾಡಿ ಬರುತ್ತಿದ್ದೆ. ತಮಾಷೆಯೆಂದರೆ, ಜೈನರ ಆಚಾರದಂತೆ ಅವರ ಮನೆಯಲ್ಲಿ ಹಳೆಯ ಉಪ್ಪಿನಕಾಯಿ ತಿನ್ನುವ ಪದ್ಧತಿಯೇ ಇರಲಿಲ್ಲ. ಮಾರುತ್ತಿದ್ದರು, ಅಷ್ಟೇ.

ಬುಧವಾರ ಅತ್ತೆಗೆ ಮಂಡಿನೋವು. ನಾನು ಒಬ್ಬಳೇ ಹೋದೆ. ಆ ದಿನ ಮೊದಲ ಸಲ ಅಂಗಡಿಯ ಮುಂದಿನಿಂದ ಮೆಟ್ಟಿಲು ಹತ್ತಿದೆ. ಮರ ಕಣ್ಣ ಮುಂದೆ ಇತ್ತು, ಮತ್ತು ನನಗೆ ನನ್ನ ಉಪ್ಪಿನಕಾಯಿಯ ಮೇಲೆ ಯಾವತ್ತೂ ಅನುಮಾನ ಬಂದದ್ದಿಲ್ಲ. ಆ ಧೈರ್ಯದಲ್ಲೇ ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಸಾಹುಕಾರರು ತಕ್ಕಡಿಯ ಬಟ್ಟಲು ಒರೆಸುತ್ತ ಕೇಳಿದರು. ಆಮೇಲೆ ಹೇಳಿದರು: ‘ಅಮ್ಮ, ನಿಮ್ಮ ಮಾಲು ನನಗೆ ಗೊತ್ತು. ಎರಡು ವರ್ಷದಲ್ಲಿ ಒಂದು ಭರಣಿ ಕೆಟ್ಟಿಲ್ಲ. ಆದ್ರೆ ನಿಮ್ಮ ಮುಖ ನಾನು ನೋಡ್ತಿರೋದು ಇವತ್ತೇ. ಬ್ಯಾಂಕಲ್ಲಿ ಇವರು ನನಗೆ ಗೊತ್ತು ಅಂತ ಸಹಿ ಹಾಕೋದು ಸುಳ್ಳಾಗ್ತದೆ. ಬೇಕಾದ್ರೆ ಮುಂಗಡ ಸ್ವಲ್ಪ ಕೊಡ್ತೀನಿ, ಸುಳ್ಳು ಮಾತ್ರ ಬೇಡ.’

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ನನಗೂ ಅದು ಸರಿಯೆಂದೇ ತೋರಿತು. ಮುಂಗಡ ಬೇಡ ಎಂದೆ. ಬೇರೆಯವರ ದುಡ್ಡಿನಲ್ಲಿ ಆ ಮರ ಹಿಡಿದರೆ ಉಪ್ಪಿನಕಾಯಿಯೂ ಬೇರೆಯವರದೇ ಆಗುತ್ತಿತ್ತು. ಮೆಟ್ಟಿಲು ಇಳಿಯಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಮನೆಯಾಕೆಯ ದನಿ ಬಂತು.

‘ಮುಖ ನನಗೆ ಗೊತ್ತಿದೆ. ನಾನು ಹಾಕ್ತೀನಿ ಸಹಿ.’

‘ನೀನಾ? ಖಾತೆ ಇದ್ದೋರೇ ಹಾಕ್ಬೇಕಂತೆ ಕಣೇ.’

‘ನನಗಿಲ್ವಾ? ಮದುವೆಯಾದ ವರ್ಷ ನನ್ನ ಹೆಸರಲ್ಲಿ ಸಾಗರದಲ್ಲಿ ಇಟ್ಟೋರು ಯಾರು? ಪ್ರತಿ ದೀಪಾವಳಿಗೆ ಅದಕ್ಕೆ ದುಡ್ಡು ಕಟ್ಟಿ ಬಂದೆ ಅಂತ ನನ್ನ ಹತ್ರ ಹೇಳ್ತೀರಲ್ಲ, ಕಟ್ತಿದೀರೋ ಇಲ್ಲ ಸುಮ್ನೆ ಹೇಳ್ತಿದೀರೋ?’

ಸಾಹುಕಾರರು ಬಟ್ಟಲು ಒರೆಸುವುದನ್ನು ನಿಲ್ಲಿಸಿದರು. ‘ಕಟ್ತಿದೀನಿ ಮಾರಾಯ್ತಿ, ಪಾಸ್‌ಬುಕ್ಕು ಬೀರುವಿನಲ್ಲಿದೆ, ನೋಡು.’

‘ನೋಡ್ತೀನಿ. ನಾಳೆ ಬ್ಯಾಂಕಿನಲ್ಲೇ ನೋಡ್ತೀನಿ.’

ಹಾಗೆ ಗುರುವಾರ ಮೂವರು ಹೆಂಗಸರು ಸಾಗರದ ಬಸ್ಸು ಹತ್ತಿದೆವು. ಅತ್ತೆಯ ಮಂಡಿನೋವು ಬೆಳಿಗ್ಗೆಯೇ ಮಾಯವಾಗಿತ್ತು. ಸಾಹುಕಾರರ ಮನೆಯಾಕೆ ದಾರಿಯುದ್ದಕ್ಕೂ ಕಿಟಕಿಯ ಪಕ್ಕ ಕೂತು, ಸಾಗರದ ಹತ್ತಿರದ ವರದಹಳ್ಳಿ ಆಶ್ರಮಕ್ಕೆ ಹೋದದ್ದು ಬಿಟ್ಟರೆ ಗಂಡನಿಲ್ಲದೆ ಇಷ್ಟು ದೂರ ಬಂದದ್ದು ಇದೇ ಮೊದಲು ಎಂದರು. ‘ಅದೂ ಅತ್ತೆ ಜೊತೆ’ ಎಂದು ಸೇರಿಸಿದರು. ನಮ್ಮ ಅತ್ತೆ, ‘ಇವತ್ತೂ ಅತ್ತೆ ಜೊತೆಗೇ, ನಿಮ್ಮದಲ್ಲ ಅಷ್ಟೇ’ ಎಂದರು.

ಬ್ಯಾಂಕಿನ ಮುಖ್ಯಸ್ಥರನ್ನು ಆಗ ಏಜೆಂಟರು ಎನ್ನುತ್ತಿದ್ದರು. ಗುಮಾಸ್ತರು ನಮ್ಮನ್ನು ಅವರ ಮೇಜಿನ ಮುಂದೆ ಕೂರಿಸಿದರು. ಅವರು ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿ, ಮೊದಲು ಸಾಹುಕಾರರ ಮನೆಯಾಕೆಯನ್ನು ಕೇಳಿದರು: ‘ಇವರು ನಿಮಗೆ ಹೇಗೆ ಗೊತ್ತು?’

‘ಎರಡು ವರ್ಷದಿಂದ ನಮ್ಮ ಮನೆಗೆ ಬರ್ತಾರೆ.’

‘ಅದಕ್ಕೂ ಮೊದಲು?’

‘ಗೊತ್ತಿಲ್ಲ. ಗೊತ್ತಿದೆ ಅಂತ ನಾನು ಹೇಳಲ್ಲ.’ ಗಂಡನ ಹಾಗೇ ಅವರೂ.

ಏಜೆಂಟರು ತಲೆಯಾಡಿಸಿದರು. ‘ಅಷ್ಟೇ ಬರೀರಿ. ಗೊತ್ತಿರೋ ಅಷ್ಟೇ. ಅದಕ್ಕಿಂತ ಹಿಂದಿಂದನ್ನ ಸಹಿ ಹೇಳ್ಬೇಕು.’ ಆಮೇಲೆ ನನ್ನ ಕಡೆ ತಿರುಗಿದರು. ಅತ್ತೆ ಬಾಯಿ ತೆರೆದರು. ಏಜೆಂಟರು ಕೈ ಅಡ್ಡ ಹಿಡಿದರು. ‘ಅಜ್ಜಿ, ಖಾತೆದಾರರು ಮಾತಾಡ್ಲಿ. ಅಮ್ಮ, ಈ ಖಾತೆ ತೆರೆದಿದ್ದು ಯಾವ ದುಡ್ಡಿಂದ? ಪರಿಚಯ ಮಾಡ್ಸಿದ್ದು ಯಾರು?’

ನಾನು ಹೇಳಿದೆ. ಮರದ ಪರಿಹಾರ ಎಂದೆ, ಗಂಡನ ಹೆಸರು ಚೀಟಿಯಲ್ಲಿ ಬರೆದು ತೋರಿಸಿದೆ, ಬಾಯಲ್ಲಿ ಹೇಳಲು ಆಗ ನಮಗೆ ಸಂಕೋಚ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಗುಮಾಸ್ತರು ಹೊಸ ಚೀಟಿ ಕೊಟ್ಟರು. ಮೂರು ಸಲ ಸಹಿ ಹಾಕಿದೆ. ಏಜೆಂಟರು ಹಳೆಯ ಚೀಟಿಯನ್ನು ಪಕ್ಕಕ್ಕಿಟ್ಟು, ಒಂದೊಂದು ಅಕ್ಷರದ ಮೇಲೂ ಪೆನ್ಸಿಲಿನ ತುದಿ ಓಡಿಸಿದರು. ಕೊನೆಗೆ ಹೇಳಿದರು: ‘ಒಂದು ಕೊಂಬೂ ಆಚೀಚೆ ಆಗಿಲ್ಲ. ನನ್ನ ಸಹಿಯೇ ಏಳು ವರ್ಷಕ್ಕೆ ಇಷ್ಟು ಸರಿ ಬರೋದಿಲ್ಲ.’

ಸಹಿ ಬದಲಾಗಲು ನಾನು ಎಲ್ಲಿ ಸಹಿ ಹಾಕಿದ್ದೆ? ಆ ಮೂರು ಸಲದ ಮೇಲೆ ಈ ಮೂರು ಸಲ. ಆದರೂ ನನ್ನ ಹಳ್ಳಿ ಶಾಲೆಯ ಮೇಷ್ಟ್ರನ್ನು ಮನಸ್ಸಿನಲ್ಲೇ ನೆನೆದೆ.

ಉಳಿದದ್ದು ವಿಳಾಸ. ಹೊಸ ಅರ್ಜಿಯಲ್ಲಿ ನಾನು ಎರಡೂ ಊರನ್ನು ಬರೆದಿದ್ದೆ, ಹಿಂದೆ ಅಲ್ಲಿ, ಈಗ ಇಲ್ಲಿ ಎಂದು. ಏಜೆಂಟರು ಅರ್ಜಿಗೆ ಅದು ಒಳ್ಳೆಯದೇ ಎಂದರು, ಎರಡೂ ವಿಳಾಸದವಳು ಒಬ್ಬಳೇ ಎಂದು ದಾಖಲೆ ಆಯಿತು. ‘ಆದ್ರೆ ಪಾಸ್‌ಬುಕ್ಕಿನಲ್ಲಿ ಒಂದೇ ಇರ್ಬೇಕು. ಹಳೇದನ್ನ ಹೊಡೆದು ಹಾಕಿ ಹೊಸದು ಬರೀತೀವಿ.’ ಗುಮಾಸ್ತರು ಕೆಂಪು ಮಸಿಯ ಪೆನ್ನು ತೆಗೆದರು.

ಅಲ್ಲಿಯವರೆಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದ್ದೆ. ಈಗ ಯಾರೂ ಕೇಳದೆ ಮಾತಾಡಿದೆ. ‘ಒಂದೇ ಗೆರೆ ಎಳೀರಿ. ಹೆಸರು ಓದೋ ಹಾಗೆ ಇರ್ಲಿ.’

ಗುಮಾಸ್ತರು ಏಜೆಂಟರ ಮುಖ ನೋಡಿದರು. ಏಜೆಂಟರು, ‘ನಿಯಮವೂ ಅದೇ. ಹೊಡೆದಿದ್ದು ಓದೋ ಹಾಗೇ ಇರ್ಬೇಕು’ ಎಂದು, ಗೆರೆಯ ಪಕ್ಕ ತಾವೇ ಚಿಕ್ಕ ಸಹಿ ಹಾಕಿದರು. ನೀವು ಕೇಳಿದ ಕೆಂಪು ಗೆರೆ ಅದೇ. ಅದರ ಕೆಳಗೆ ಈಗಿನ ಊರಿನ ಹೆಸರು. ಅದನ್ನು ನನ್ನ ವಿಳಾಸ ಎಂದು ಬರೆದದ್ದು ಆ ದಿನವೇ ಮೊದಲು.

ಇನ್ನೊಂದು ಬಾಕಿ ಇತ್ತು. ಹಳೆಯ ಲೆಡ್ಜರಿನಿಂದ ಚಾಲ್ತಿ ಲೆಡ್ಜರಿಗೆ ಬರಬೇಕಾದರೆ ಒಂದು ವ್ಯವಹಾರ ಆಗಲಿ, ಒಂದು ರೂಪಾಯಿ ಕಟ್ಟಿ ಎಂದರು ಗುಮಾಸ್ತರು.

‘ನಮ್ಮ ದುಡ್ಡು ತಗೊಳ್ಳೋಕೆ ನಾವೇ ದುಡ್ಡು ಕೊಡ್ಬೇಕಾ?’ ಎಂದರು ಅತ್ತೆ.

‘ಅದೂ ನಿಮ್ಮ ಸೊಸೆಗೇ ಸೇರ್ತದೆ ಅಜ್ಜಿ.’

‘ನಾನು ಕೊಟ್ಟಿದ್ದು ಅಂತ ಬರಿ ಮತ್ತೆ’ ಎಂದು ಸಂಚಿಯಿಂದ ಒಂದು ರೂಪಾಯಿ ತೆಗೆದುಕೊಟ್ಟರು. ಸುಣ್ಣ ಮೆತ್ತಿಕೊಂಡಿತ್ತು. ಗುಮಾಸ್ತರು ಒರೆಸಿ ತೆಗೆದುಕೊಂಡರು. ಆಮೇಲೆ ಹಣ ತೆಗೆಯುವ ಫಾರಂ ತುಂಬಿ, ಹಿತ್ತಾಳೆಯ ಟೋಕನ್ ಹಿಡಿದು ಬೆಂಚಿನ ಮೇಲೆ ಕೂತೆವು. ಅಷ್ಟು ಹೊತ್ತಿಗೆ ಸಾಹುಕಾರರ ಮನೆಯಾಕೆ ತಮ್ಮ ಪಾಸ್‌ಬುಕ್ಕನ್ನೂ ಬರೆಸಿಕೊಂಡು ಬಂದರು. ದೀಪಾವಳಿಯ ದುಡ್ಡು ತಪ್ಪದೆ ಬಿದ್ದಿತ್ತು. ‘ಪಾಪ, ಸುಳ್ಳು ಹೇಳಿಲ್ಲ’ ಎಂದು ಸ್ವಲ್ಪ ನಿರಾಸೆಯಿಂದಲೇ ಹೇಳಿದರು.

ಶುಕ್ರವಾರ ಬೆಳಿಗ್ಗೆ ಮರದ ಯಜಮಾನರ ಕೈಗೆ ದುಡ್ಡು ಕೊಟ್ಟೆ. ನಾನೇ ಕೊಟ್ಟೆ, ನಾನೇ ಮಾತಾಡಿದೆ. ಶನಿವಾರ ಕೊಯ್ಲು. ಮಿಡಿ ನೆಲಕ್ಕೆ ಬಿದ್ದರೆ ಪೆಟ್ಟಾಗಿ ಭರಣಿಯಲ್ಲಿ ಕೊಳೆಯುತ್ತದೆ. ಅದಕ್ಕೆ ಮರ ಹತ್ತಿದವರು ತೊಟ್ಟು ಸಮೇತ ಬಿಡಿಸಿ, ಬುಟ್ಟಿಯನ್ನು ಹಗ್ಗದಲ್ಲಿ ಇಳಿಸುತ್ತಿದ್ದರು. ಮೊದಲ ಬುಟ್ಟಿ ಇಳಿದಾಗ ನಾನೂ ಅತ್ತೆಯೂ ಕೈ ಚಾಚಿ ಹಿಡಿದೆವು.

ಅತ್ತೆ ಒಂದು ಮಿಡಿ ಆರಿಸಿ ತೊಟ್ಟು ಮುರಿದು, ಸೊನೆಯನ್ನು ಬಹಳ ಹೊತ್ತು ಮೂಸಿದರು. ಅವರು ಎಲ್ಲಿಗೆ ಹೋಗಿದ್ದಾರೆಂದು ನನಗೆ ಗೊತ್ತಾಯಿತು.

‘ನಮ್ಮ ಮರದ್ದಲ್ಲ’ ಎಂದರು ಕೊನೆಗೆ. ಮಿಡಿಯನ್ನು ಬುಟ್ಟಿಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು. ‘ಆದ್ರೂ ಒಳ್ಳೇದಿದೆ. ಹೊತ್ತು ಮಾಡ್ಬೇಡ, ಉಪ್ಪು ಅಳೆದಿಡು.’